ಡಾಗ್ ಲೆಗ್ ಮೆಟ್ಟಿಲಿಗೆ ಎಷ್ಟು ಕಾಂಕ್ರೀಟ್ ಬೇಕು?

(ತುಮಕೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಮೇಸ್ತ್ರಿಗಳು, ಡಿಪ್ಲೊಮಾ ಓದುವ ಹುಡುಗರು ಮತ್ತು ಮನೆ ಕಟ್ಟಿಸುತ್ತಿರುವ ಕೆಲವರ ಮುಂದೆ ಆಡಿದ ಮಾತು. ಬೋರ್ಡಿನ ಮೇಲೆ ಬರೆದದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಮೊದಲು ಒಂದು ಹೆಸರಿನ ಗೊಂದಲ ಬಗೆಹರಿಸಿಬಿಡೋಣ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮೇಸ್ತ್ರಿ ಡ್ರಾಯಿಂಗ್ ಹಿಡಿದುಕೊಂಡು ಬಂದು, "ಸಾರ್, ಇದರಲ್ಲಿ ವೇಸ್ಟ್ ಆರು ಇಂಚು ಅಂತ ಬರೆದಿದೆ, ದಂಡ ಆಗೋದನ್ನ ಮೊದಲೇ ಯಾಕೆ ಬರೀತೀರ?" ಅಂತ ಕೇಳಿದ್ದರು. ನಗಬೇಡಿ, ಕೇಳಿದ್ದು ಸರಿಯಾಗೇ ಇತ್ತು. ಆ ವೇಸ್ಟ್ ಅಂದರೆ ದಂಡ ಅಲ್ಲ, ಸೊಂಟ. ಮೆಟ್ಟಿಲಿನ ತ್ರಿಕೋನಗಳನ್ನೆಲ್ಲ ಹೊತ್ತುಕೊಂಡು ಓರೆಯಾಗಿ ಮಲಗಿರುವ ಚಪ್ಪಡಿಗೆ ವೇಸ್ಟ್ ಸ್ಲ್ಯಾಬ್ ಅಂತಾರೆ. ಇಡೀ ಮೆಟ್ಟಿಲಿನಲ್ಲಿ ಅದು ತುಂಬ ತೆಳ್ಳಗಿರುವ ಜಾಗ. ಹಾಗಾಗಿ ಸೊಂಟ.

ನಮ್ಮ ಸಿದ್ಧಗಂಗೆ ಬೆಟ್ಟದ ಮೆಟ್ಟಿಲು ನೋಡಿದ್ದೀರಲ್ಲ, ಅಲ್ಲಿ ಕೆಳಗೆ ಬಂಡೆ ಇದೆ. ಕಲ್ಲು ಕೂರಿಸಿದರೆ ಮುಗೀತು, ಸೊಂಟದ ಮಾತೇ ಇಲ್ಲ. ಮನೆಯೊಳಗಿನ ಮೆಟ್ಟಿಲಿಗೆ ಕೆಳಗೆ ಏನೂ ಇಲ್ಲ. ತನ್ನ ಭಾರವನ್ನು ತಾನೇ ಹೊತ್ತುಕೊಂಡು, ನಡುವೆ ನಿಂತು ತಿರುಗುವ ಚಪ್ಪಟೆ ಜಾಗಕ್ಕೆ, ಅಂದರೆ ಲ್ಯಾಂಡಿಂಗಿಗೆ, ಮುಟ್ಟಿಸಬೇಕು. ಅರ್ಧ ದೂರ ಹತ್ತಿ, ಲ್ಯಾಂಡಿಂಗಿನಲ್ಲಿ ತಿರುಗಿ, ಬಂದ ದಿಕ್ಕಿಗೇ ಮತ್ತೆ ಹತ್ತುವುದು ಡಾಗ್ ಲೆಗ್. ಪಕ್ಕದಿಂದ ನೋಡಿದರೆ ನಾಯಿಯ ಹಿಂಗಾಲಿನ ಹಾಗೆ ಮಡಚಿಕೊಂಡಿರುತ್ತೆ.

ಈಗ ನನ್ನದೇ ಒಂದು ಪೆದ್ದತನ ಹೇಳುತ್ತೇನೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ ಇದೆ.

ಕ್ಯಾತ್ಸಂದ್ರದಲ್ಲಿ ಒಂದು ಮನೆ. ಬೆಳಿಗ್ಗೆ ಎಲ್ಲರೂ ತಟ್ಟೆ ಇಡ್ಲಿ ತಿಂದು ಮೋಲ್ಡ್ ಕೆಲಸಕ್ಕೆ ಇಳಿದೆವು. ಮೆಟ್ಟಿಲಿಗೆ ಹನ್ನೊಂದು ಮೂಟೆ ಸಿಮೆಂಟ್ ಸಾಕು ಅಂತ ಲೆಕ್ಕ ಕೊಟ್ಟಿದ್ದವನು ನಾನು. ಕೆಳಗಿನ ಫ್ಲೈಟ್, ಅಂದರೆ ಲ್ಯಾಂಡಿಂಗ್ ತನಕದ ಮೆಟ್ಟಿಲ ಸಾಲು, ಆಯ್ತು, ಲ್ಯಾಂಡಿಂಗ್ ಆಯ್ತು, ಮೇಲಿನ ಫ್ಲೈಟ್ ಶುರುವಾಯ್ತು. ಕೊನೆಯ ಮೂರು ಮೆಟ್ಟಿಲು ಬಾಕಿ ಇರುವಾಗ ಮಿಕ್ಸರ್ ಸುಮ್ನೆ ತಿರುಗುತ್ತಿತ್ತು, ಒಳಗೆ ಹಾಕೋಕೆ ಏನೂ ಇರಲಿಲ್ಲ. ಭಾನುವಾರ ಸಂಜೆ, ಅಂಗಡಿ ಬಾಗಿಲು ಹಾಕಿತ್ತು. ಮಾರನೆಯ ದಿನ ಬೆಳಿಗ್ಗೆ ಮೂಟೆ ತಂದು ಹಾಕುವಷ್ಟರಲ್ಲಿ ಹಳೆ ಕಾಂಕ್ರೀಟ್ ಗಟ್ಟಿಯಾಗಿತ್ತು. ಹಳೆಯದೂ ಹೊಸದೂ ಒಂದಾಗಿ ಬೆರೆಯದ ಸಂದು, ಕೋಲ್ಡ್ ಜಾಯಿಂಟ್, ಅಲ್ಲೊಂದು ಆಯ್ತು. ಗಟ್ಟಿಯಾದ ಮುಖವನ್ನು ಕೆತ್ತಿ ಒರಟು ಮಾಡಿ, ತೊಳೆದು, ಸಿಮೆಂಟ್ ಹಾಲು ಬಳಿದು ಮುಂದುವರಿಸಿದೆವು. ಆದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಲೆಕ್ಕ ಎಲ್ಲಿ ತಪ್ಪಿತು? ಆ ಮೆಟ್ಟಿಲಿನ ಅಳತೆಯನ್ನೇ ಇಟ್ಟುಕೊಂಡು ನೋಡೋಣ.

ನೆಲದಿಂದ ಮೇಲಿನ ನೆಲಕ್ಕೆ 3 ಮೀಟರ್. ಒಂದು ಮೆಟ್ಟಿಲಿನ ಎತ್ತರ, ಅಂದರೆ ರೈಸರ್, 150 ಮಿ.ಮೀ., ಸುಮಾರು ಆರು ಇಂಚು. ಕಾಲಿಡುವ ಜಾಗ, ಅಂದರೆ ಟ್ರೆಡ್, 250 ಮಿ.ಮೀ., ಹತ್ತು ಇಂಚು. ಮೂರು ಮೀಟರಿಗೆ 20 ರೈಸರ್, ಒಂದೊಂದು ಫ್ಲೈಟಿಗೆ ಹತ್ತು. ಮೆಟ್ಟಿಲಿನ ಅಗಲ 1 ಮೀಟರ್. ಎರಡು ಫ್ಲೈಟುಗಳ ನಡುವೆ ನಾಲ್ಕು ಇಂಚು ಸಂದಿ. ಹಾಗಾಗಿ ಮೆಟ್ಟಿಲಿನ ಕೋಣೆ ಒಳಗಡೆ 2.1 ಮೀಟರ್ ಅಗಲ. ಲ್ಯಾಂಡಿಂಗ್ 1 ಮೀಟರ್ ಆಳ. ಹಿಂದಿನ ಗೋಡೆಯೊಳಗೆ ಇನ್ನೊಂದು 150 ಮಿ.ಮೀ. ಕೂರುತ್ತೆ. ಸೊಂಟದ ದಪ್ಪವೂ ಲ್ಯಾಂಡಿಂಗ್ ದಪ್ಪವೂ 150 ಮಿ.ಮೀ.

ಹತ್ತು ರೈಸರ್ ಇದ್ದರೆ ಎಷ್ಟು ತ್ರಿಕೋನ? ಸಭೆಯಲ್ಲಿ ಕೇಳಿದೆ, ಅರ್ಧ ಜನ ಹತ್ತು ಅಂದರು. ಅವತ್ತು ನಾನೂ ಹತ್ತು ಅಂದುಕೊಂಡಿದ್ದೆ. ಒಂಬತ್ತು. ಹತ್ತನೆಯ ರೈಸರ್ ಹತ್ತಿದ ಮೇಲೆ ಕಾಲಿಡುವುದು ಲ್ಯಾಂಡಿಂಗಿನ ಮೇಲೆ. ಅದು ಆಗಲೇ ಲ್ಯಾಂಡಿಂಗ್ ಲೆಕ್ಕದಲ್ಲಿದೆ. ಮೇಲಿನ ಫ್ಲೈಟಿನ ಹತ್ತನೆಯದು ಮೇಲಿನ ನೆಲ. ಹಾಗಾಗಿ ಒಟ್ಟು 18 ತ್ರಿಕೋನ. ಒಂದು ತ್ರಿಕೋನ ಅಂದರೆ ಟ್ರೆಡ್ಡೂ ರೈಸರ್ರೂ ಗುಣಿಸಿ ಅರ್ಧ: ½ × 0.25 × 0.15 = 0.01875. ಅಗಲ ಒಂದೇ ಮೀಟರ್ ಆದ್ದರಿಂದ ಅದೇ ಘನ ಮೀಟರ್. ಹದಿನೆಂಟಕ್ಕೆ 0.338.

ಈ ತಪ್ಪಿನಿಂದ ಕಾಂಕ್ರೀಟ್ ಜಾಸ್ತಿ ಬರಬೇಕಿತ್ತು, ಕಡಿಮೆ ಅಲ್ಲ. ಎರಡು ತ್ರಿಕೋನ ಹೆಚ್ಚಿಗೆ ಎಣಿಸಿದ್ದೆ. ಆದರೂ ಸಾಲಲಿಲ್ಲ ಅಂದರೆ ಬೇರೆಲ್ಲೋ ದೊಡ್ಡ ತೂತು ಇತ್ತು. ಅದು ಇದ್ದದ್ದು ಸೊಂಟದಲ್ಲೇ.

ಒಂದು ಫ್ಲೈಟ್ ನೆಲದ ಮೇಲೆ ಒಂಬತ್ತು ಟ್ರೆಡ್, 2.25 ಮೀಟರ್ ಉದ್ದ. ನಾನು ಮಾಡಿದ್ದು ಇಷ್ಟೇ: 2.25 × 0.15 × 1. ಪ್ಲ್ಯಾನಿನಲ್ಲಿ ಕಾಣುವ ಉದ್ದ, ಡ್ರಾಯಿಂಗಿನಲ್ಲಿ ಬರೆದ ದಪ್ಪ. ನೋಡೋಕೆ ಸರಿಯಾಗೇ ಇದೆ, ಅಲ್ವಾ? ಆದರೆ ಆ ಎರಡು ಅಳತೆ ಒಂದಕ್ಕೊಂದು ಜೋಡಿ ಅಲ್ಲ. ಉದ್ದವನ್ನು ಮಲಗಿಸಿ ಅಳೆದಿದ್ದೆ, ದಪ್ಪವನ್ನು ಓರೆಗೆ ಅಡ್ಡಲಾಗಿ ಅಳೆದದ್ದು.

ಇದನ್ನು ತಟ್ಟೆ ಇಡ್ಲಿಯಲ್ಲೇ ತೋರಿಸಬಹುದು. ಅವತ್ತಿನ ಸಭೆಗೂ ಒಂದು ತಂದಿದ್ದೆ. ಇಡ್ಲಿಯನ್ನು ಚಾಕುವಿನಿಂದ ನೆಟ್ಟಗೆ ಕೊಯ್ದರೆ ಕೊಯ್ದ ಮುಖದ ಎತ್ತರ ಇಡ್ಲಿಯ ದಪ್ಪದಷ್ಟೇ. ಚಾಕುವನ್ನು ಓರೆ ಮಾಡಿ ಕೊಯ್ಯಿರಿ. ಅದೇ ಇಡ್ಲಿ, ಆದರೆ ಕೊಯ್ದ ಮುಖ ಉದ್ದವಾಗುತ್ತೆ. ಮೆಟ್ಟಿಲಿನಲ್ಲಿ ಓರೆಯಾಗಿರುವುದು ಇಡ್ಲಿ, ನೆಟ್ಟಗಿರುವುದು ಚಾಕು, ಅಷ್ಟೇ ವ್ಯತ್ಯಾಸ. ತೂಗುಗುಂಡು ಬಿಟ್ಟು ನೆಟ್ಟಗೆ ಕೊಯ್ದರೆ 150 ಮಿ.ಮೀ. ಸೊಂಟದಲ್ಲಿ 175 ಮಿ.ಮೀ. ಕಾಂಕ್ರೀಟ್ ಸಿಗುತ್ತೆ.

ಆ 175 ಎಲ್ಲಿಂದ ಬಂತು? ಒಂದು ಮೆಟ್ಟಿಲಿನ ಓರೆ ಉದ್ದ ತೆಗೆಯಿರಿ.

√(0.25² + 0.15²) = 0.2915 ಮೀಟರ್

ಮಲಗಿಸಿದರೆ 0.25, ಓರೆಯಲ್ಲಿ 0.2915. ಭಾಗಿಸಿದರೆ 1.166. ಈ ಇಳಿಜಾರಿಗೆ ಈ ಅಂಕಿ. 150ನ್ನು ಅದರಿಂದ ಗುಣಿಸಿದರೆ 175. ಈಗ ಎರಡು ದಾರಿ ಇವೆ, ಯಾವುದಾದರೂ ಸರಿ. ಓರೆ ಉದ್ದ ತೆಗೆದುಕೊಂಡರೆ ಓರೆಗೆ ಅಡ್ಡ ದಪ್ಪ: 9 × 0.2915 = 2.624, ಅದನ್ನು 0.15ರಿಂದ ಗುಣಿಸಿದರೆ 0.394. ಮಲಗಿದ ಉದ್ದ ತೆಗೆದುಕೊಂಡರೆ ನೆಟ್ಟಗಿನ ದಪ್ಪ: 2.25 × 0.175, ಅದೂ 0.394. ಒಂದರ ಉದ್ದಕ್ಕೆ ಇನ್ನೊಂದರ ದಪ್ಪ ಕಟ್ಟಿದರೆ ಮಾತ್ರ ನನ್ನ ಗತಿ. ಎರಡು ಫ್ಲೈಟಿಗೆ ಸರಿಯಾದ ಲೆಕ್ಕ 0.787, ನನ್ನದು 0.675. ಅಲ್ಲೇ 0.11 ಘನ ಮೀಟರ್ ಹೋಯ್ತು.

ಇದು ಬರೀ ಸಿಮೆಂಟ್ ಮೂಟೆಯ ವಿಷಯ ಆಗಿದ್ದರೆ ಇಷ್ಟೊತ್ತು ಹೇಳುತ್ತಿರಲಿಲ್ಲ. ಇದೇ ತಪ್ಪು ಸೆಂಟ್ರಿಂಗಿನಲ್ಲೂ ಆಗುತ್ತೆ, ಆಗ ಅದು ಅಪಾಯ. ಬಡಗಿ ಪಕ್ಕದ ಹಲಗೆಯ ಮೇಲೆ ಮೆಟ್ಟಿಲು ಗುರುತು ಹಾಕುವಾಗ ಮೆಟ್ಟಿಲಿನ ಒಳಮೂಲೆಯಿಂದ ಟೇಪನ್ನು ನೆಟ್ಟಗೆ ಕೆಳಗೆ ಬಿಟ್ಟು ಆರು ಇಂಚು ಅಂತ ಗೆರೆ ಎಳೆದ ಅಂದುಕೊಳ್ಳಿ. ನೆಟ್ಟಗೆ 150 ಇದ್ದರೆ ಓರೆಗೆ ಅಡ್ಡ ಸಿಗುವುದು 150 ಭಾಗಿಸು 1.166, ಅಂದರೆ 129 ಮಿ.ಮೀ. ಇಂಜಿನಿಯರ್ ಕಂಬಿ ಲೆಕ್ಕ ಹಾಕಿದ್ದು 150ಕ್ಕೆ. ಮುಕ್ಕಾಲು ಇಂಚಿಗೂ ಜಾಸ್ತಿ ದಪ್ಪ ಮಾಯ. ಕಾಂಕ್ರೀಟ್ ಹಾಕಿ, ಗ್ರಾನೈಟ್ ಕೂರಿಸಿದ ಮೇಲೆ ಯಾರಿಗೂ ಗೊತ್ತಾಗಲ್ಲ.

ಕಂಡುಹಿಡಿಯುವುದು ಮೋಲ್ಡಿಗೆ ಮುಂಚೆ ಮಾತ್ರ, ಅದೂ ಸುಲಭ. ಮೂಲೆಮಟ್ಟ ತೆಗೆದುಕೊಳ್ಳಿ. ಅದರ ಒಂದು ತೋಳನ್ನು ಕೆಳಗಿನ ಓರೆ ಹಲಗೆಗೆ ಪೂರ್ತಿ ಒತ್ತಿ ಹಿಡಿಯಿರಿ. ಇನ್ನೊಂದು ತೋಳು ಮೆಟ್ಟಿಲಿನ ಒಳಮೂಲೆಗೆ ತಾಗುವ ಹಾಗೆ ಜರುಗಿಸಿ ಅಳೆಯಿರಿ. ಒಳಮೂಲೆ ಅಂದರೆ ಟ್ರೆಡ್ ಮುಗಿದು ರೈಸರ್ ಏಳುವ ಜಾಗ. ಅಲ್ಲಿ 150 ಬರಬೇಕು. ಟೇಪು ನೆಟ್ಟಗೆ ಹಿಡಿದರೆ 175 ಬರಬೇಕು. ನೆಟ್ಟಗೆ ಹಿಡಿದು 150 ಬಂದು ಯಾರಾದರೂ "ಸರಿ ಇದೆ ಸಾರ್" ಅಂದರೆ ಕೆಲಸ ನಿಲ್ಲಿಸಿ. ಮುಂದಿನ ಸಾಲಲ್ಲಿ ಕೂತಿದ್ದ ಹಿರಿಯ ಮೇಸ್ತ್ರಿಯೊಬ್ಬರು ಇಲ್ಲಿ ಒಂದು ಮಾತು ಸೇರಿಸಿದರು: "ಹಲಗೆ ಮೇಲೆ ಅಳೀಬೇಡಿ ಸಾರ್, ಫ್ಲೈಟಿನ ಮಧ್ಯದಲ್ಲಿ ದಾರ ಕಟ್ಟಿ ಅಳೀರಿ. ಶೀಟು ಅಲ್ಲೇ ಕೆಳಗೆ ಜಗ್ಗಿರುತ್ತೆ." ಹೌದು, ಶೀಟು ಜಗ್ಗಿದರೆ ಕಾಂಕ್ರೀಟ್ ಲೆಕ್ಕಕ್ಕಿಂತ ಜಾಸ್ತಿಯೇ ಕುಡಿಯುತ್ತೆ.

ಇನ್ನು ಲ್ಯಾಂಡಿಂಗ್. ಅದು ಸುಮ್ನೆ ಚಪ್ಪಟೆ ಚಪ್ಪಡಿ, ಗೋಡೆಯೊಳಗೆ ಕೂರುವ ಭಾಗ ಮರೆಯಬಾರದು ಅಷ್ಟೇ. 1.15 × 2.1 × 0.15 = 0.362. ನಾನು ಕೋಣೆಯ ಒಳಗಿನದಷ್ಟೇ ಹಿಡಿದು 0.315 ಅಂದಿದ್ದೆ.

ಈಗ ಯಾರ ಲೆಕ್ಕದಲ್ಲೂ ಸಾಮಾನ್ಯವಾಗಿ ಬರದ ಒಂದು ತುಂಡಿಗೆ ಬರೋಣ. ಅದನ್ನು ನಾನು ಬೆಣೆ ಅಂತೀನಿ.

ಕೆಳಗಿನ ಫ್ಲೈಟ್ ಲ್ಯಾಂಡಿಂಗ್ ಅಂಚಿಗೆ ಬಂದು ಮುಟ್ಟುವ ಜಾಗವನ್ನು ಹತ್ತಿರದಿಂದ ನೋಡಿ. ಲ್ಯಾಂಡಿಂಗಿನ ಮೇಲ್ಮೈ ನೆಲದಿಂದ 1.50 ಮೀಟರ್. ಅದರ ಕೆಳಮೈ 1.35. ಕೊನೆಯ ರೈಸರ್ 150 ಮಿ.ಮೀ., ಹಾಗಾಗಿ ಅದರ ಬುಡ ಇರುವುದೂ 1.35ರಲ್ಲಿ. ಸೊಂಟದ ಮೇಲಿನ ಗೆರೆ ಹಾದುಹೋಗುವುದು ಅದೇ ಬುಡದಿಂದ. ಅಲ್ಲಿಂದ ನೆಟ್ಟಗೆ 175 ಮಿ.ಮೀ. ಕೆಳಗೆ, 1.175ರಲ್ಲಿ, ಸೊಂಟದ ಕೆಳಮೈ.

ಏನಾಯ್ತು ಗಮನಿಸಿದಿರಾ? ಲ್ಯಾಂಡಿಂಗ್ ಎಲ್ಲಿ ಮುಗಿಯುತ್ತೋ ಅಲ್ಲಿಂದ ಕೆಳಕ್ಕೆ ಸೊಂಟ ಶುರುವಾಗುತ್ತೆ. ಎರಡೂ ಒಂದು ಗೆರೆಯಲ್ಲಿ ಮಾತ್ರ ತಾಗುತ್ತವೆ. ಫ್ಲೈಟನ್ನು ಲ್ಯಾಂಡಿಂಗ್ ಅಂಚಿನಲ್ಲೇ ನೆಟ್ಟಗೆ ಕೊಯ್ದು ನಿಲ್ಲಿಸಿದರೆ ಫ್ಲೈಟಿಗೂ ಲ್ಯಾಂಡಿಂಗಿಗೂ ನಡುವೆ ಕಾಂಕ್ರೀಟಿನ ದಪ್ಪ ಸೊನ್ನೆ!

ಹಾಗಾಗಿ ಸೊಂಟದ ಕೆಳಮೈ ಅಂಚಿನಲ್ಲಿ ನಿಲ್ಲುವುದಿಲ್ಲ. ಅದೇ ಓರೆಯಲ್ಲಿ ಲ್ಯಾಂಡಿಂಗಿನ ಕೆಳಗೆ ಮುಂದುವರಿದು, ಲ್ಯಾಂಡಿಂಗಿನ ಕೆಳಮೈಯನ್ನು ಮುಟ್ಟುವ ತನಕ ಹೋಗಬೇಕು. 175 ಮಿ.ಮೀ. ಏರಬೇಕು. ಈ ಓರೆಯಲ್ಲಿ ಒಂದಕ್ಕೆ 0.6 ಏರುತ್ತೆ. ಹಾಗಾಗಿ ಬೇಕಾದ ದೂರ 292 ಮಿ.ಮೀ., ಹೆಚ್ಚುಕಡಿಮೆ ಒಂದು ಅಡಿ. ಲ್ಯಾಂಡಿಂಗ್ ಕೆಳಗೆ ನಿಂತು ತಲೆಯೆತ್ತಿದರೆ ಕಾಣುವ ಆ ತ್ರಿಕೋನವೇ ಬೆಣೆ. ½ × 0.292 × 0.175 = 0.0255 ಘನ ಮೀಟರ್. ಒಂದು ಘನ ಅಡಿಗಿಂತಲೂ ಕಡಿಮೆ. ಆದರೆ ಫ್ಲೈಟಿನ ಭಾರವೆಲ್ಲ ಲ್ಯಾಂಡಿಂಗಿಗೆ ದಾಟುವುದು ಅದರ ಮೂಲಕ. ಫ್ಲೈಟಿನ ಕೆಳಗಿನ ಕಂಬಿ ಕೂಡ ಅಲ್ಲಿ ಕೆಳಮೈಯ ಜೊತೆ ಬಾಗಬಾರದು. ನೇರವಾಗಿ ಏರಿ ಲ್ಯಾಂಡಿಂಗಿನ ಮೇಲ್ಭಾಗಕ್ಕೆ ಹೋಗಬೇಕು. ಲ್ಯಾಂಡಿಂಗಿನ ಕೆಳಗಿನ ಕಂಬಿ ಬೇರೆಯಾಗಿ ಬಂದು ಅದನ್ನು ಹಾಯ್ದು ಹೋಗಬೇಕು. ಒಂದೇ ಕಂಬಿಯನ್ನು ಮೂಲೆಯಲ್ಲಿ ಬಗ್ಗಿಸಿದರೆ, ಭಾರ ಬಿದ್ದಾಗ ಅದು ನೆಟ್ಟಗಾಗೋಕೆ ನೋಡಿ ಕೆಳಗಿನ ಕಾಂಕ್ರೀಟನ್ನೇ ಕಿತ್ತು ಹಾಕುತ್ತೆ.

ಮೇಲಿನ ಫ್ಲೈಟಿಗೆ ಬೆಣೆ ಬೇಕಾ? ಬೇಡ. ಅದು ಲ್ಯಾಂಡಿಂಗಿನ ಮೇಲ್ಮೈಯಿಂದ ಶುರುವಾಗುತ್ತೆ. ಅದರ ಸೊಂಟದ ಕೆಳಮೈ ಅಂಚಿನಲ್ಲಿ 1.325ರಲ್ಲಿದೆ. ಲ್ಯಾಂಡಿಂಗ್ ಕೆಳಮೈಗಿಂತ ಒಂದು ಇಂಚು ಕೆಳಗೆ, ಅಷ್ಟೇ. ಬಡಗಿ ಲ್ಯಾಂಡಿಂಗ್ ಶೀಟನ್ನು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ತಂದರೆ ಎರಡೂ ಸೇರಿಕೊಳ್ಳುತ್ತವೆ. ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಆದರೆ ಇದರಿಂದ ಕೆಳಗೆ ನಿಂತವರಿಗೆ ಎರಡು ಫ್ಲೈಟಿನ ಕೆಳಮೈ ಒಂದೇ ಗೆರೆಯಲ್ಲಿ ಕಾಣುವುದಿಲ್ಲ, ಒಂದು ರೈಸರ್‌ನಷ್ಟು ಮೇಲೆ ಕೆಳಗೆ ಇರುತ್ತೆ. ಅಂದ ಕೆಟ್ಟಿತು ಅಂತ ಕೆಳಗಿನ ಫ್ಲೈಟಿನ ಶೀಟನ್ನು ಎತ್ತಿ ಸರಿಮಾಡುವವರಿದ್ದಾರೆ. ದಯವಿಟ್ಟು ಬೇಡ, ಅದು ಸೊಂಟವನ್ನೇ ಕೊಯ್ದ ಹಾಗೆ. ಗೆರೆ ಕೂಡಲೇಬೇಕು ಅಂದರೆ ಡ್ರಾಯಿಂಗ್ ಹಂತದಲ್ಲೇ ಒಂದು ಫ್ಲೈಟನ್ನು ಒಂದು ಟ್ರೆಡ್‌ನಷ್ಟು ಹಿಂದೆ ಸರಿಸಬೇಕು.

ಈಗ ಕೂಡಿಸೋಣ. ಸೊಂಟ 0.787, ತ್ರಿಕೋನ 0.338, ಲ್ಯಾಂಡಿಂಗ್ 0.362, ಬೆಣೆ 0.026. ಒಟ್ಟು 1.51 ಘನ ಮೀಟರ್. ಮೇಲಿನ ಫ್ಲೈಟ್ ಹೋಗಿ ಸೇರುವ ತೊಲೆ ಮೇಲಿನ ನೆಲದ ಲೆಕ್ಕದಲ್ಲಿದೆ. ಮೊದಲ ಮೆಟ್ಟಿಲಿನ ಕೆಳಗಿನ ಪಾಯ ಪಾಯದ ಲೆಕ್ಕದಲ್ಲಿ. ಕಂಬಿ ತುಂಬಿಕೊಳ್ಳುವ ಜಾಗವನ್ನು ಕಳೆಯುವ ಪದ್ಧತಿ ಇಲ್ಲ.

ನಾನು ಅವತ್ತು ಬರೆದದ್ದು? ಸೊಂಟ 0.675, ಇಪ್ಪತ್ತು ತ್ರಿಕೋನಕ್ಕೆ 0.375, ಲ್ಯಾಂಡಿಂಗ್ 0.315, ಬೆಣೆ ಇಲ್ಲ. ಒಟ್ಟು 1.365. ಸಿಮೆಂಟ್ ಒಂದು, ಮರಳು ಒಂದೂವರೆ, ಜಲ್ಲಿ ಮೂರು ಪ್ರಮಾಣದ ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು ಎಂಟು ಮೂಟೆ. ಹನ್ನೊಂದು ಮೂಟೆ ಹೇಳಿದ್ದು ಹೀಗೆ. ಬೇಕಾಗಿದ್ದದ್ದು ಹನ್ನೆರಡಕ್ಕೂ ಸ್ವಲ್ಪ ಜಾಸ್ತಿ. ಚೆಲ್ಲುವುದು, ಅಂಟುವುದು ಸೇರಿ ಹದಿಮೂರು ತರಿಸಬೇಕಿತ್ತು. ಕಡಿಮೆ ಬಿದ್ದದ್ದು 0.15 ಘನ ಮೀಟರ್. ಒಂದು ತ್ರಿಕೋನ ಮತ್ತು ಅದರ ಕೆಳಗಿನ ಸೊಂಟದ ತುಂಡು ಸೇರಿದರೆ 0.0625. ಭಾಗಿಸಿ ನೋಡಿ, ಎರಡೂ ಚಿಲ್ಲರೆ ಮೆಟ್ಟಿಲು. ಬಾಂಡ್ಲಿಯಿಂದ ಚೆಲ್ಲಿದ್ದು ಸೇರಿದರೆ ಮೂರು. ಮಿಕ್ಸರ್ ಎಲ್ಲಿ ಖಾಲಿಯಾಗಬೇಕಿತ್ತೋ ಅಲ್ಲೇ ಖಾಲಿಯಾಯ್ತು.

ಫ್ಲೈಟುಗಳ ಈ ಇಷ್ಟುದ್ದದ ಲೆಕ್ಕವನ್ನು ಅರ್ಧ ನಿಮಿಷದಲ್ಲಿ ತಾಳೆ ನೋಡುವ ಒಂದು ದಾರಿ ಇದೆ. ನೆಟ್ಟಗಿನ ದಪ್ಪ 175. ಅದರ ಮೇಲೆ ತ್ರಿಕೋನಗಳು. ಅವನ್ನು ಬಡಿದು ಸಮ ಮಾಡಿದರೆ ಅರ್ಧ ರೈಸರ್, 75. ಎರಡೂ ಸೇರಿ 250 ಮಿ.ಮೀ. ಅಂದರೆ ಈ ಫ್ಲೈಟು ಪ್ಲ್ಯಾನಿನಲ್ಲಿ ಹತ್ತು ಇಂಚು ದಪ್ಪದ ಚಪ್ಪಟೆ ಚಪ್ಪಡಿಗೆ ಸಮ. ಎರಡು ಫ್ಲೈಟಿನ ಪ್ಲ್ಯಾನ್ 4.5 ಚದರ ಮೀಟರ್. 4.5 × 0.25 = 1.125. ಸೊಂಟವನ್ನೂ ತ್ರಿಕೋನವನ್ನೂ ಬೇರೆ ಬೇರೆ ಮಾಡಿ ಕೂಡಿದಾಗಲೂ ಅದೇ ಬಂದಿತ್ತು. ಸೆಂಟ್ರಿಂಗಿನವರಿಗೂ ಇದು ಬೇಕು. ಆರು ಇಂಚಿನ ಸ್ಲ್ಯಾಬಿಗೆ ಹಾಕುವಷ್ಟೇ ಸರ್ವೆ ಕಂಬ ಮೆಟ್ಟಿಲಿಗೂ ಸಾಕು ಅಂದುಕೊಳ್ಳಬೇಡಿ. ಒಂದು ಫ್ಲೈಟಿನಲ್ಲೇ ಹಸಿ ಕಾಂಕ್ರೀಟ್ ಸುಮಾರು 1.4 ಟನ್ ಇರುತ್ತೆ. ಅದು ಕೆಳಕ್ಕೆ ಮಾತ್ರ ಅಲ್ಲ, ಓರೆಯಲ್ಲಿ ಮುಂದಕ್ಕೂ ತಳ್ಳುತ್ತೆ. ಕಂಬದ ಬುಡ ಜಾರದಂತೆ ಅಡ್ಡಪಟ್ಟಿ ಬೇಕು.

ಕೊನೆಗೆ ಒಬ್ಬ ಹುಡುಗ ಕೇಳಿದ: "ಸಾರ್, ನಮ್ಮ ಕಡೆ ಜಾಗ ಕಡಿಮೆ, ಏಳು ಇಂಚು ರೈಸರ್ ಹಾಕ್ತಾರೆ. ಆಗಲೂ 1.166 ತಾನೇ?"

ಅಲ್ಲ. ಓರೆ ಬದಲಾದರೆ ಆ ಅಂಕಿಯೂ ಬದಲಾಗುತ್ತೆ. 175ರ ರೈಸರ್, 250ರ ಟ್ರೆಡ್ ಆದರೆ 1.22. ನೆಟ್ಟಗಿನ ದಪ್ಪ 183, ಅರ್ಧ ರೈಸರ್ ಸೇರಿ ಸುಮಾರು 271. ಬೆಣೆಯ ಕಡೆ ಇನ್ನೂ ಜೋಪಾನ ಬೇಕು. ಲ್ಯಾಂಡಿಂಗ್ ದಪ್ಪ 150, ಕೊನೆಯ ರೈಸರ್ 175. ಹಾಗಾಗಿ ಸೊಂಟದ ಮೇಲಿನ ಗೆರೆ ಲ್ಯಾಂಡಿಂಗ್ ಕೆಳಮೈಗಿಂತ ಒಂದು ಇಂಚು ಕೆಳಗೇ ಬಂದು ನಿಲ್ಲುತ್ತೆ. ಬೆಣೆ ಇಲ್ಲದಿದ್ದರೆ ಅಲ್ಲಿ ಒಂದು ಗೆರೆಯಷ್ಟೂ ತಾಗುವುದಿಲ್ಲ. ಬೆಣೆಯ ಎತ್ತರ 208 ಮಿ.ಮೀ. ಆಗುತ್ತೆ, ಉದ್ದ 297, ಘನ 0.031. ಹುಡುಗ ಬೋರ್ಡಿಗೆ ಬಂದು ತಾನೇ ಗೆರೆ ಎಳೆದು ನೋಡಿದ. ಸಂದಿ ಕಂಡ ಮೇಲೆ, "ಅಂದ್ರೆ ನಮ್ಮ ಶೀಟಲ್ಲಿ ಇದು ಇಲ್ವೇ ಇಲ್ಲ ಸಾರ್" ಅಂದ. ಮೋಲ್ಡ್ ಯಾವತ್ತು ಅಂತ ಕೇಳಿದೆ. ಬುಧವಾರ ಅಂದ.